ಮೊದಲ ಟ್ರೇಡ್‌ಗೆ ಮುಂಚೆ: ಮಾರ್ಕೆಟ್, ಲಿಮಿಟ್, ಸ್ಟಾಪ್-ಲಾಸ್ (ಭಾಗ 4)

ಡಿಮ್ಯಾಟ್ ಅಕೌಂಟ್ ಆಯ್ತು, ದುಡ್ಡೂ ಹಾಕಿದ್ರಿ. ಷೇರು ಕೊಳ್ಳೋಕೆ ಹೋದ್ರೆ ಆ್ಯಪ್ ಕೇಳುತ್ತೆ: MARKET, LIMIT, SL? ಏನನ್ನೂ ಒತ್ತೋ ಮುಂಚೆ ಮಾರ್ಕೆಟ್ ಡೆಪ್ತ್ ತೆರೆದು ನೋಡಿ. ಯಾವ ರೇಟಿಗೆ ಎಷ್ಟು ಷೇರಿನ ಆರ್ಡರ್ ಕಾಯ್ತಿದೆ ಅನ್ನೋದು ಅಲ್ಲೇ ಕಾಣುತ್ತೆ.

ಒಂದು ಸಣ್ಣ ಕಂಪನಿ ಅಂದ್ಕೊಳ್ಳಿ. ಸ್ಕ್ರೀನ್ ಮೇಲೆ ರೇಟು 100 ರೂಪಾಯಿ, ನಿಮಗೆ ಬೇಕಿರೋದು 100 ಷೇರು. ಆದ್ರೆ 100 ರೂಪಾಯಿಗೆ ಮಾರೋಕೆ ಇರೋದು ಬರೀ 40. ಆಮೇಲೆ 101.50ಕ್ಕೆ 30, ಅದರ ಮೇಲೆ 104ಕ್ಕೆ 50. ಮಾರ್ಕೆಟ್ ಆರ್ಡರ್ ಅಂದ್ರೆ "ರೇಟು ಎಷ್ಟಾದ್ರೂ ಸರಿ, ಈಗಲೇ ಕೊಡಿ" ಅಂತ. ಅದು 40, 30, 30 ಅಂತ ಮೂರೂ ಮೆಟ್ಟಿಲು ಹತ್ತಿಬಿಡುತ್ತೆ. ಹತ್ತು ಸಾವಿರ ಅಂದ್ಕೊಂಡಿದ್ದು 10,165 ಆಯ್ತು. ಇನ್ಫೋಸಿಸ್‌ನಂಥ ದೊಡ್ಡ ಷೇರಲ್ಲಿ ಸಾಮಾನ್ಯವಾಗಿ ಈ ವ್ಯತ್ಯಾಸ ಪೈಸೆಗಳಲ್ಲಿ ಮುಗಿಯುತ್ತೆ, ತಲೆಕೆಡಿಸ್ಕೊಳ್ಳೋದು ಬೇಡ.

ಅದೇ ಕಡೆ 101ಕ್ಕೆ ಲಿಮಿಟ್ ಹಾಕಿದ್ರೆ 40 ಷೇರು ಸಿಗುತ್ತೆ, ಉಳಿದ 60 ಕಾಯ್ತಾ ಇರುತ್ತೆ. ಯಾರೂ ಆ ರೇಟಿಗೆ ಬರದಿದ್ರೆ ಸಂಜೆ ತಾನಾಗೇ ಕ್ಯಾನ್ಸಲ್. ಮೊದಲ ಟ್ರೇಡ್‌ಗೆ ನನ್ನ ಓಟು ಇದಕ್ಕೇ.

ಗೊಂದಲ ಶುರುವಾಗೋದು ಮಾರುವಾಗ. ಕೊಂಡಾಯ್ತು, ರೇಟು ಈಗಲೂ 100ರ ಆಸುಪಾಸಲ್ಲೇ ಇದೆ. "95ಕ್ಕೆ ಇಳಿದ್ರೆ ಮಾರಿಬಿಡೋಣ" ಅಂತ 95ಕ್ಕೆ ಲಿಮಿಟ್ ಸೆಲ್ ಹಾಕಿದ್ರೆ ಏನಾಗುತ್ತೆ ಗೊತ್ತಾ? ಆ ಕ್ಷಣವೇ ಮಾರಿಹೋಗುತ್ತೆ! ಯಾಕಂದ್ರೆ ಲಿಮಿಟ್ ಸೆಲ್‌ನ ಅರ್ಥ "95ಕ್ಕಿಂತ ಕಮ್ಮಿಗೆ ಕೊಡಲ್ಲ" ಅಂತ. 99 ಕೊಡೋನು ಎದುರಿಗೇ ಇದ್ದಾನಲ್ಲ.

ಇಲ್ಲಿ ಬೇಕಾಗೋದು ಸ್ಟಾಪ್-ಲಾಸ್, ಅಂದ್ರೆ SL. ಇದರಲ್ಲಿ ಎರಡು ಬೆಲೆ ತುಂಬಬೇಕು. ಟ್ರಿಗರ್ 95 ಅಂದ್ರೆ ಅಲ್ಲಿವರೆಗೆ ಆರ್ಡರ್ ಮಲಗಿರುತ್ತೆ, ರೇಟು 95 ಮುಟ್ಟಿದಾಗ ಎದ್ದು ಲಿಮಿಟ್ ಆರ್ಡರ್ ಆಗುತ್ತೆ. ಲಿಮಿಟ್ 94.50 ಇಟ್ಟಿದ್ದೀರಿ ಅಂತಿಟ್ಕೊಳ್ಳಿ. ಕೆಟ್ಟ ಸುದ್ದಿ ಬಂದು ರೇಟು 96ರಿಂದ ನೇರ 92ಕ್ಕೆ ಹಾರಿದ್ರೆ? ಆರ್ಡರ್ ಎಚ್ಚರ ಆಗುತ್ತೆ, ಆದ್ರೆ 94.50 ಕೊಡೋರು ಯಾರೂ ಇಲ್ಲ. ಷೇರು ನಿಮ್ಮ ಕೈಯಲ್ಲೇ, ರೇಟು ಇನ್ನೂ ಕೆಳಗೆ. ಆರ್ಡರ್ ಲಿಸ್ಟಲ್ಲಿ "ಟ್ರಿಗರ್ ಪೆಂಡಿಂಗ್" ಹೋಗಿ ಬರೀ "ಓಪನ್" ಅಂತಿದ್ರೆ ಇದೇ ಆಗಿದೆ ಅಂತ ಲೆಕ್ಕ. ಅದಕ್ಕೇ ಎರಡು ಬೆಲೆ ನಡುವೆ ಜಾಗ ಬಿಡಿ: ಟ್ರಿಗರ್ 95, ಲಿಮಿಟ್ 92 ಅನ್ನೋ ಥರ. 92 ಅಂತ ಹಾಕಿದ ಮಾತ್ರಕ್ಕೆ 92ಕ್ಕೇ ಹೋಗಲ್ಲ, ಅದಕ್ಕಿಂತ ಒಳ್ಳೆ ರೇಟಿದ್ರೆ ಅದೇ ಮೊದಲು ಸಿಗುತ್ತೆ.

SL-M ಅಂತ ಇನ್ನೊಂದಿದೆ, ಟ್ರಿಗರ್ ಆದ್ಮೇಲೆ ಮಾರ್ಕೆಟ್ ಆರ್ಡರ್ ಆಗೋದು. ಮಾರೋದು ಬಹುತೇಕ ಖಚಿತ, ರೇಟು ಖಚಿತ ಅಲ್ಲ. ಲೋವರ್ ಸರ್ಕ್ಯೂಟ್ ಬಿದ್ದು ಕೊಳ್ಳೋರೇ ಇಲ್ಲದಿದ್ರೆ ಅದೂ ಕೆಲಸಕ್ಕೆ ಬರಲ್ಲ.

ಇನ್ನೊಂದು, ಮಾಮೂಲಿ SL ಆರ್ಡರ್ 3:30ಕ್ಕೆ ಮಾರ್ಕೆಟ್ ಮುಚ್ಚಿದ ಮೇಲೆ ಉಳಿಯಲ್ಲ, ನಾಳೆ ಮತ್ತೆ ಹಾಕಬೇಕು. ದಿನಗಟ್ಟಲೆ ಉಳಿಯೋ GTT ಬಗ್ಗೆ ಭಾಗ 5ರಲ್ಲಿ.