‘ಸಾರಿ, ಡಿಸ್ಟರ್ಬ್ ಮಾಡ್ತಿದೀನಿ’ ಅಂದವರಿಗೆ ಏನು ಹೇಳೋದು?

ನಮ್ಮೂರ ಹಾಲಿನ ಡೇರಿಯ ವಾಟ್ಸಾಪ್ ನಂಬರ್ ಎರಡು ವರ್ಷದಿಂದ ನನ್ನ ಹತ್ತಿರ ಇದೆ. ಫ್ಯಾಟ್ ಯಾಕೆ ಕಡಿಮೆ ಬಂತು, ಬಟವಾಡೆ ಯಾವತ್ತು, ಪಶು ಆಹಾರ ಬಂತಾ, ಹೀಗೆ ದಿನಕ್ಕೆ ಹದಿನೈದು ಇಪ್ಪತ್ತು ಮೆಸೇಜು. ಅದರಲ್ಲಿ ಅರ್ಧದಷ್ಟು ಶುರುವಾಗೋದೇ ‘ಸಾರಿ ಸರ್, ಡಿಸ್ಟರ್ಬ್ ಮಾಡ್ತಿದೀನಿ’ ಅಂತ. ಬರೆಯುವವರು ನನ್ನನ್ನು ಚಡ್ಡಿ ಹಾಕಿ ಓಡಾಡ್ತಿದ್ದಾಗಿನಿಂದ ನೋಡಿದವರು. ಎದುರಿಗೆ ಸಿಕ್ಕರೆ ‘ಏನ್ಲಾ’ ಅಂತಾರೆ. ಫೋನಿನಲ್ಲಿ ಮಾತ್ರ ನಾನು ಸರ್.

ಇದು ಸಂಕೋಚ ಮಾತ್ರ ಅಲ್ಲ. ಊರಲ್ಲಿ ಯಾರದಾದರೂ ಮನೆಗೆ ಹೋದರೆ ಜಗಲಿ ಹತ್ತಿರ ನಿಂತು ‘ಬಿಡುವಾಗಿದೀರಾ?’ ಅಂತೀವಿ. ಅವರ ಮುಖ ನೋಡ್ತೀವಿ. ಊಟಕ್ಕೆ ಕೂತಿದ್ದರೆ ‘ಆಮೇಲೆ ಬರ್ತೀನಿ’ ಅಂತ ತಿರುಗ್ತೀವಿ. ಮೆಸೇಜಿನಲ್ಲಿ ಮುಖ ಕಾಣೋದಿಲ್ಲ, ಆ ಕಡೆಯವರು ಉಣ್ತಿದಾರಾ ಮಲಗಿದಾರಾ ಗೊತ್ತಾಗೋದಿಲ್ಲ. ಆ ‘ಸಾರಿ’ ಬಾಗಿಲು ತಟ್ಟುವ ಶಬ್ದ. ತಪ್ಪು ಮಾಡಿದವರ ಮಾತು ಅಲ್ಲ.

ಬಾಗಿಲು ತಟ್ಟಿದವರಿಗೆ ಬೇಕಾದ್ದು ‘ಬನ್ನಿ’ ಅನ್ನುವ ಒಂದು ಮಾತು. ಅರ್ವಿಂಗ್ ಗಾಫ್ಮನ್ ಅನ್ನುವ ಸಮಾಜಶಾಸ್ತ್ರಜ್ಞ 1971ರ ತನ್ನ ಪುಸ್ತಕದಲ್ಲಿ ಇಂಥ ಮಾತುಕತೆಯ ಹೆಜ್ಜೆಗಳನ್ನು ಬಿಡಿಸಿಟ್ಟ. ಒಬ್ಬರು ಕ್ಷಮೆ ಕೇಳ್ತಾರೆ, ಇನ್ನೊಬ್ಬರು ಪರವಾಗಿಲ್ಲ ಅಂತಾರೆ, ಮೊದಲಿನವರು ಧನ್ಯವಾದ ಹೇಳ್ತಾರೆ, ಎರಡನೆಯವರು ‘ಅದರಲ್ಲೇನಿದೆ’ ಅಂತ ಮುಗಿಸ್ತಾರೆ. ಎದುರೆದುರು ಇದು ಎರಡು ಉಸಿರಲ್ಲಿ ಮುಗಿಯುತ್ತೆ. ಫೋನಿನಲ್ಲಿ ಒಂದೊಂದು ಹೆಜ್ಜೆಯೂ ಒಂದೊಂದು ಮೆಸೇಜು, ಮಧ್ಯೆ ನೆಟ್‌ವರ್ಕ್ ಹೋದರೆ ಹತ್ತು ನಿಮಿಷ. ಅಷ್ಟು ಹೊತ್ತು ವಿಷಯ ಹೊರಗೇ ನಿಂತಿರುತ್ತೆ.

ಹೋದ ಮಳೆಗಾಲದಲ್ಲಿ ನಡೆದದ್ದು ಹೇಳ್ತೀನಿ. ರಾತ್ರಿ ಹತ್ತು ದಾಟಿತ್ತು. ಒಬ್ಬ ಅಕ್ಕ ಮೆಸೇಜ್ ಹಾಕಿದರು: ‘ಸಾರಿ ಸರ್ ಇಷ್ಟೊತ್ನಲ್ಲಿ. ಮಲಗಿದ್ರಾ?’ ಅಷ್ಟೇ. ವಿಷಯ ಏನಂತ ಇಲ್ಲ. ಕಾಯ್ತಾ ಇದಾರೆ, ಒಳಗೆ ಕರೆಯಲಿ ಅಂತ.

ನಾನು ಬರೆದೆ: ‘ಇಲ್ಲ ಅಕ್ಕಾ, ಎದ್ದಿದೀನಿ. ಏನಾಯ್ತು?’

ತಕ್ಷಣ ಬಂತು: ಹಸು ಸಂಜೆ ಹಸಿ ಮೇವು ಜಾಸ್ತಿ ತಿಂದಿದೆ, ಎಡಗಡೆ ಹೊಟ್ಟೆ ಉಬ್ಬಿದೆ, ಮೆಲುಕು ಹಾಕ್ತಿಲ್ಲ, ಏದುಸಿರು ಬಿಡ್ತಿದೆ. ಹೊಟ್ಟೆ ಉಬ್ಬರ ಅಂದರೆ ಬೆಳಗಿನವರೆಗೆ ಕಾಯುವ ವಿಷಯ ಅಲ್ಲ. ಒಳಗಿನ ಗಾಳಿ ಎದೆಯನ್ನು ಒತ್ತಿ, ಗಂಟೆಗಳಲ್ಲೇ ಹಸು ಸಾಯಬಹುದು. ಡಾಕ್ಟರ ನಂಬರ್ ಕಳಿಸಿ, ಈಗಲೇ ಫೋನ್ ಮಾಡಿ ಅಂದೆ. ಅವರು ಬರೋವರೆಗೆ ಮಲಗೋಕೆ ಬಿಡಬೇಡಿ, ಮುಂಗಾಲು ಎತ್ತರದಲ್ಲಿ ಇರೋ ಹಾಗೆ ನಿಲ್ಲಿಸಿ, ಬಾಯಿಗೆ ಬಲವಂತವಾಗಿ ಏನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗಬಹುದು ಅಂತ ಬರೆದೆ. ಡಾಕ್ಟರು ಬಂದರು, ಹಸು ಉಳೀತು.

ಹನ್ನೆರಡಕ್ಕೆ ಮತ್ತೆ ಮೆಸೇಜು: ‘ಸಾರಿ ಸರ್, ನಿದ್ದೆ ಕೆಡಿಸಿದೆ.’ ನಾನು ಬರೆದದ್ದು: ‘ಈಗ ಮೆಲುಕು ಹಾಕ್ತಿದೆಯಾ ಅಕ್ಕಾ?’ ಅವರು ಹಸುವಿನ ಫೋಟೋ ಕಳಿಸಿದರು. ಸಾರಿಯ ಮಾತು ಮತ್ತೆ ಬರಲಿಲ್ಲ.

ಆ ರಾತ್ರಿಯ ಎರಡು ಸಾರಿಗೂ ಉತ್ತರ ಬೇರೆ ಬೇರೆ ಇತ್ತು ನೋಡಿ. ಮೊದಲನೆಯದರ ಹಿಂದೆ ವಿಷಯ ಅಡಗಿತ್ತು. ಅದಕ್ಕೆ ಬಾಯಿ ಬಿಟ್ಟು ‘ಎದ್ದಿದೀನಿ’ ಅನ್ನಲೇಬೇಕು, ಅದೇ ಮೆಸೇಜಿನಲ್ಲಿ ‘ಏನಾಯ್ತು’ ಅಂತ ಕೇಳಲೂಬೇಕು. ಬರೀ ‘ಪರವಾಗಿಲ್ಲ’ ಅಂತ ಕಳಿಸಿದ್ದರೆ ಅವರು ಅದಕ್ಕೆ ‘ಥ್ಯಾಂಕ್ಸ್ ಸರ್’ ಅಂತ ಬರೆಯುತ್ತಿದ್ದರು, ಹಸು ನರಳ್ತಾ ಇರ್ತಿತ್ತು. ಎರಡನೆಯದರ ಹೊತ್ತಿಗೆ ವಿಷಯ ಹೊರಗೆ ಬಂದಾಗಿತ್ತು. ಅಲ್ಲಿ ಹಸುವಿನ ಬಗ್ಗೆ ಕೇಳಿದ್ದೇ ಸಮಾಧಾನ. ನನ್ನ ಮನಸ್ಸು ನಿದ್ದೆಯ ಮೇಲಿಲ್ಲ, ಹಸುವಿನ ಮೇಲಿದೆ ಅಂತ ಅವರಿಗೆ ಗೊತ್ತಾಯ್ತು.

ಕೆಲವರು ಒಳ್ಳೆ ಮನಸ್ಸಿನಿಂದಲೇ ಉದ್ದ ಬರೀತಾರೆ. ‘ಅಯ್ಯೋ, ಸಾರಿ ಯಾಕೆ ಕೇಳ್ತೀರಾ, ಹಾಗೆಲ್ಲ ಅನ್ನಬೇಡಿ, ನಿಮ್ಮ ಸೇವೆಗೇ ನಾವಿರೋದು, ಯಾವಾಗ ಬೇಕಾದರೂ ಕೇಳಿ.’ ಓದಿದವರಿಗೆ ಏನನ್ನಿಸುತ್ತೆ? ಸಾರಿ ಕೇಳಿದ್ದೇ ತಪ್ಪಾಯ್ತೇನೋ ಅನ್ನಿಸುತ್ತೆ. ‘ಸಾರಿ ಕೇಳಿದ್ದಕ್ಕೆ ಸಾರಿ ಸರ್’ ಅನ್ನುವ ಮೆಸೇಜನ್ನು ನಾನೇ ಓದಿದೀನಿ. ಬಾಗಿಲು ತಟ್ಟಿದವರಿಗೆ ‘ತಟ್ಟಿದ್ದು ಯಾಕೆ’ ಅಂತ ಕೇಳಿದ ಹಾಗೆ ಅದು. ಜೊತೆಗೆ ‘ಯಾವಾಗ ಬೇಕಾದರೂ’ ಅನ್ನುವ ಮಾತು ನಿಜ ಅಲ್ಲ. ಇವತ್ತು ಹಾಗಂದು ನಾಳೆ ರಾತ್ರಿ ಉತ್ತರ ಕೊಡದೆ ಇದ್ದರೆ, ಸಂಕೋಚ ಮೊದಲಿಗಿಂತ ಹೆಚ್ಚಾಗುತ್ತೆ. ಅದಕ್ಕೇ ನಾನು ನಂಬರಿನ ಪರಿಚಯದ ಜಾಗದಲ್ಲಿ ಹೀಗೆ ಬರೆದಿಟ್ಟಿದೀನಿ: ‘ರಾತ್ರಿ 9ರ ಮೇಲೆ ಬಂದ ಮೆಸೇಜಿಗೆ ಬೆಳಿಗ್ಗೆ ಉತ್ತರ. ದನ ಕರು ಹುಷಾರಿಲ್ಲ ಅಂದರೆ ಫೋನ್ ಮಾಡಿ.’ ಹೊತ್ತು ಯಾವುದು ಅಂತ ಗೊತ್ತಾದರೆ ಅರ್ಧ ಹಿಂಜರಿಕೆ ಹೋಗುತ್ತೆ.

ಇನ್ನೊಂದು ಬಗೆಯ ಸಾರಿ ಇದೆ, ಅದೇ ಪ್ರಶ್ನೆಯನ್ನು ಮತ್ತೆ ಕೇಳುವಾಗ ಬರುವಂಥದ್ದು. ಒಬ್ಬ ಅಜ್ಜ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನದ ಬಗ್ಗೆ ಮೂರನೇ ಸಲ ಕೇಳಿದರು, ‘ತಪ್ಪು ತಿಳ್ಕೋಬ್ಯಾಡ್ರಿ’ ಅಂತ ಸೇರಿಸಿ. ಇಲ್ಲಿ ‘ಪರವಾಗಿಲ್ಲ’ ಅಂದರೆ, ಮೂರು ಸಲ ಕೇಳಿದ್ದನ್ನು ಸಹಿಸಿಕೊಂಡೆ ಅಂದ ಹಾಗಾಗುತ್ತೆ. ಕಾರಣ ಹೇಳಿದರೆ ಚೆನ್ನ. ‘ಅಜ್ಜಾ, ಅದು ಹಾಲಿನ ದುಡ್ಡಿನ ಜೊತೆ ಬರೋದಿಲ್ಲ. ಸರ್ಕಾರ ಬೇರೆಯಾಗಿ ನಿಮ್ಮ ಖಾತೆಗೆ ಹಾಕುತ್ತೆ, ತಡವಾಗಿ ಬರುತ್ತೆ. ಪಾಸ್‌ಬುಕ್ ಎಂಟ್ರಿ ಮಾಡಿಸಿ ಅದರ ಫೋಟೋ ಕಳಿಸಿ, ನೋಡಿ ಹೇಳ್ತೀನಿ.’ ವಿಷಯವೇ ಗೊಂದಲದ್ದು, ಕೇಳಿದವರದ್ದೇನೂ ಇಲ್ಲ ಅಂತ ಅದರಲ್ಲೇ ಬಂತು. ‘ಅಜ್ಜಾ’ ಅಂದಾಗ ಅವರ ‘ಸರ್’ಗೂ ಉತ್ತರ ಸಿಕ್ಕಿತು.

ಉತ್ತರ ಸರಿ ಹೋಯಿತೋ ಇಲ್ಲವೋ ಅಂತ ತಿಳಿಯೋದು ಅವರ ಮುಂದಿನ ಮೆಸೇಜಿನಲ್ಲಿ. ಅದು ನೇರ ವಿಷಯಕ್ಕೆ ಬಂದರೆ ಸರಿ. ಮತ್ತೆ ಕ್ಷಮೆ ಕೇಳಿದರೆ ನಮ್ಮ ಮಾತು ಒಂದೋ ಒರಟಾಯ್ತು, ಇಲ್ಲ ಅತಿಯಾಯ್ತು. ಮಗನ ಫೋನಿನಿಂದ ‘ನಮ್ಮಮ್ಮ ಕೇಳ್ತಿದಾರೆ’ ಅಂತ ಬರೋಕೆ ಶುರುವಾದರೆ, ಆ ಅಮ್ಮ ನಮ್ಮ ಬಾಗಿಲು ತಟ್ಟೋದು ಬಿಟ್ಟಿದಾರೆ ಅಂತ ಅರ್ಥ ಇರಬಹುದು.

ನೀವು ಮೆಸೇಜ್ ಹಾಕುವವರಾದರೆ ಒಂದು ಮಾತು. ಸಾರಿ ಅನ್ನಬೇಕು ಅನ್ನಿಸಿದರೆ ಅನ್ನಿ. ಆದರೆ ಅದೇ ಮೆಸೇಜಿನಲ್ಲಿ ವಿಷಯವನ್ನೂ ಹಾಕಿಬಿಡಿ. ‘ಸಾರಿ, ಹಸು ಹೊಟ್ಟೆ ಉಬ್ಬಿದೆ’ ಅಂತ ಒಂದೇ ಸಾಲಲ್ಲಿ ಬಂದರೆ, ನಿದ್ದೆಗಣ್ಣಲ್ಲಿ ಓದಿದವರೂ ಎದ್ದು ಕೂರ್ತಾರೆ.