ಕತ್ತೆಗೆ ಕಸ್ತೂರಿಯೇ ಏಕೆ?

ಪರಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳ ಕನ್ನಡ ಎಲ್ಲಿ ಎಡವುತ್ತದೆ ಎಂದು ಕೇಳಿದರೆ, ವ್ಯಾಕರಣದಲ್ಲಿ ಎಂದು ನಾವು ಹೇಳಲಾರೆವು. ವಿಭಕ್ತಿ ಪ್ರತ್ಯಯಗಳು ಮನೆಯ ಮಾತಿನಿಂದಲೇ ಹೇಗೋ ಕೂಡಿಬರುತ್ತವೆ. ಎಡವುವುದು ನುಡಿಗಟ್ಟಿನಲ್ಲಿ. ಬೀದಿಯಲ್ಲಿ ಕಲಿತ ಹಿಂದಿಯನ್ನೋ ಮರಾಠಿಯನ್ನೋ ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದಾಗ ಊರಿನ ನೆಂಟರು ನಗುತ್ತಾರೆ. ನಕ್ಕರೆ ಮಗು ಮುಂದಿನ ಸಲ ಹಿಂದಿಯಲ್ಲೇ ಉತ್ತರ ಕೊಡುತ್ತದೆ. ಹೀಗೆ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಕನ್ನಡವೇ ನಿಂತುಹೋದದ್ದನ್ನು ನಾವು ಮುಂಬಯಿಯ ನಮ್ಮ ನೆರೆಹೊರೆಯಲ್ಲೇ ಕಂಡಿದ್ದೇವೆ. ಆದ್ದರಿಂದ ಊಟವನ್ನೂ ಪ್ರಾಣಿಗಳನ್ನೂ ಹಿಡಿದು ಹುಟ್ಟಿದ ನಾಲ್ಕು ಮಾತುಗಳನ್ನು ಇಲ್ಲಿ ಬಿಡಿಸಿ ನೋಡಬೇಕೆನಿಸಿತು.

ಮೊದಲು ಕತ್ತೆ. ಯೋಗ್ಯತೆಯಿಲ್ಲದವನಿಗೆ ಒಳ್ಳೆಯ ವಸ್ತುವಿನ ಬೆಲೆ ತಿಳಿಯದು ಎನ್ನಲು ಹಿಂದಿಯವರು ‘ಬಂದರ್ ಕ್ಯಾ ಜಾನೇ ಅದರಕ್ ಕಾ ಸ್ವಾದ್’ ಎನ್ನುತ್ತಾರೆ. ದೆಹಲಿಯಲ್ಲಿ ಬೆಳೆದ ಹುಡುಗ ಇದನ್ನು ‘ಮಂಗನಿಗೇನು ಗೊತ್ತು ಶುಂಠಿಯ ರುಚಿ’ ಎಂದು ತಂದರೆ ಅರ್ಥವೇನೋ ಆಗುತ್ತದೆ, ಆದರೆ ಮಾತು ಸಪ್ಪೆ. ಕನ್ನಡಿಗರು ಹೇಳುವುದು ‘ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ’. ಮಂಗ ಹೋಗಿ ಕತ್ತೆ ಏಕೆ ಬಂತು? ಶುಂಠಿ ಹೋಗಿ ಕಸ್ತೂರಿ ಏಕೆ ಬಂತು? ನಮ್ಮವರು ನೆಲೆಸಿರುವ ಊರುಗಳ ಭಾಷೆಗಳನ್ನು ಸಾಲಾಗಿ ಇಟ್ಟರೆ ಗುಟ್ಟು ತಿಳಿಯುತ್ತದೆ. ಚೆನ್ನೈಯಲ್ಲಿ ‘ಕಳುದೈಕ್ಕು ತೆರಿಯುಮಾ ಕರ್ಪೂರ ವಾಸನೈ’ ಎನ್ನುತ್ತಾರೆ: ಕತ್ತೆ ಮತ್ತು ಕರ್ಪೂರ. ಹೈದರಾಬಾದಿನಲ್ಲಿ ‘ಗಾಡಿದಕೇಮಿ ತೆಲುಸು ಗಂಧಪು ವಾಸನ’: ಕತ್ತೆ ಮತ್ತು ಗಂಧ. ಪುಣೆಯಲ್ಲಿ ‘ಗಾಢವಾಲಾ ಗುಳಾಚೀ ಚವ ಕಾಯ’: ಕತ್ತೆ ಮತ್ತು ಬೆಲ್ಲ. ಕತ್ತೆಗೆ ಕಸ್ತೂರಿ, ಕಳುದೈಗೆ ಕರ್ಪೂರ, ಗಾಡಿದಕ್ಕೆ ಗಂಧ, ಗಾಢವಕ್ಕೆ ಗುಳ. ಹಿಂದಿಯ ಬಂದರಿನಲ್ಲೂ ಅದರಕ್ಕಿನಲ್ಲೂ ‘ದರ’ ಎಂಬ ಅಕ್ಷರಗಳು ಮರಳಿ ಬರುತ್ತವೆ. ಪ್ರಾಣಿಗೂ ಪದಾರ್ಥಕ್ಕೂ ಗಂಟು ಹಾಕಿರುವುದು ನಾಲಗೆ. ಶುಂಠಿಯನ್ನು ಕನ್ನಡಕ್ಕೆ ತಂದೊಡನೆ ಆ ಗಂಟು ಬಿಚ್ಚಿಕೊಳ್ಳುತ್ತದೆ, ಮಾತು ಸಪ್ಪೆಯಾಗುವುದು ಇದರಿಂದಲೇ.

ಇನ್ನು ಇದನ್ನು ಯಾರಿಗೆ ಹೇಳಬಹುದು? ಅಜ್ಜಿ ಮೊಮ್ಮಗನನ್ನು ‘ಎಲ್ಲಿಗೆ ಹೋಗಿದ್ದೆಯೋ ಕತ್ತೆ’ ಎಂದರೆ ಅದು ಮುದ್ದು. ಆದರೆ ಸಂಗೀತ ಕಚೇರಿಯಲ್ಲಿ ತೂಕಡಿಸುವ ಚಿಕ್ಕಪ್ಪನ ಎದುರು ಹುಡುಗ ಈ ಗಾದೆ ಹೇಳಿದರೆ ಅದು ಉದ್ಧಟತನ. ಹಿರಿಯರ ನಡುವೆ ಇದು ಒಪ್ಪುವುದು ತನ್ನನ್ನೇ ಕುರಿತು ಹೇಳಿಕೊಂಡಾಗ. ‘ರಾಗದ ವಿಷಯ ನನ್ನನ್ನು ಕೇಳಬೇಡಿ ಸ್ವಾಮಿ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ’ ಎಂದರೆ ಎಲ್ಲರೂ ನಕ್ಕು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

ಎರಡನೆಯದು ಕಬ್ಬಿಣದ ಕಡಲೆ. ಇಲ್ಲಿ ಅಪಾಯ ಬೇರೆ. ಹಿಂದಿಯಲ್ಲೂ ‘ಲೋಹೇ ಕೇ ಚನೇ ಚಬಾನಾ’ ಎಂಬ ಮಾತು ಇರುವುದರಿಂದ ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಕಡಲೆ ಒಂದೇ ಹೌದು, ಬಳಸುವ ಬಗೆ ಒಂದಲ್ಲ. ಹಿಂದಿಯ ಮಾತಿಗೆ ಜೀವ ಇರುವುದು ಅಗಿಯುವುದರಲ್ಲಿ. ಬಹಳ ಕಷ್ಟಪಟ್ಟು ಒಂದು ಕೆಲಸ ಸಾಧಿಸಿದವನು ಕಬ್ಬಿಣದ ಕಡಲೆ ಅಗಿದವನು. ಕನ್ನಡದಲ್ಲಿ ಸಾಮಾನ್ಯವಾಗಿ ಯಾರೂ ಅಗಿಯುವುದಿಲ್ಲ. ಕಡಲೆ ತಟ್ಟೆಯಲ್ಲಿ ಹಾಗೆಯೇ ಉಳಿದಿರುತ್ತದೆ. ‘ನನಗೆ ಗಣಿತ ಕಬ್ಬಿಣದ ಕಡಲೆ’, ‘ಹಳಗನ್ನಡ ಎಲ್ಲರಿಗೂ ಕಬ್ಬಿಣದ ಕಡಲೆಯಲ್ಲ’ ಎಂದು ಬುದ್ಧಿಗೆ ದಕ್ಕದ ವಿಷಯಕ್ಕೆ ಹೇಳುತ್ತೇವೆ. ‘ಮನೆ ಸಿಗಬೇಕಾದರೆ ಕಬ್ಬಿಣದ ಕಡಲೆ ಅಗಿದೆವು’ ಎಂದರೆ ಕೇಳಿದವರಿಗೆ ಅದು ಹಿಂದಿಯ ಕನ್ನಡ ಎಂದು ತಟ್ಟನೆ ತಿಳಿಯುತ್ತದೆ. ಅಲ್ಲಿಗೆ ‘ಸಾಕುಸಾಕಾಗಿ ಹೋಯಿತು’ ಎಂಬ ಸಾದಾ ಮಾತೇ ಸರಿ.

ಮೂರನೆಯದು ಬೇಳೆ. ಇದು ಹಿಂದಿಯಲ್ಲೂ ಮರಾಠಿಯಲ್ಲೂ ಕನ್ನಡದಲ್ಲೂ ಬಹುಮಟ್ಟಿಗೆ ಒಂದೇ ಅರ್ಥದಲ್ಲಿದೆ. ತೊಗರಿಬೇಳೆ ಬೇಯಿಸಿದವರಿಗೆ ಇದರ ಮೂಲ ಹೇಳಬೇಕಾಗಿಲ್ಲ. ಗಡಸು ನೀರಾದರೆ, ಬೇಳೆ ಹಳೆಯದಾದರೆ, ಹುಣಿಸೆಹುಳಿಯನ್ನು ಮೊದಲೇ ಹಿಂಡಿದರೆ ಎಷ್ಟು ಹೊತ್ತು ಒಲೆಯ ಮೇಲಿಟ್ಟರೂ ಅದು ಕರಗುವುದಿಲ್ಲ. ಒಂದೂರಿನ ನೀರಿನಲ್ಲಿ ಬೆಂದ ಬೇಳೆ ಇನ್ನೊಂದೂರಿನ ನೀರಿನಲ್ಲಿ ಬೇಯದೆ ಹೋಗಬಹುದು. ‘ನಿನ್ನ ಬೇಳೆ ಇಲ್ಲಿ ಬೇಯುವುದಿಲ್ಲ’ ಎಂಬುದರಲ್ಲಿ ಆ ‘ಇಲ್ಲಿ’ ಎಂಬ ಪದಕ್ಕೆ ಅಷ್ಟು ತೂಕ ಇರುವುದು ಅದಕ್ಕೇ ಎಂದು ನಮಗೆ ತೋರುತ್ತದೆ.

ಆದರೆ ಈ ಬೇಳೆಯ ಜತೆಗೆ ಸ್ವಲ್ಪ ಅನುಮಾನವೂ ಬೆಂದಿರುತ್ತದೆ. ನಮ್ಮ ಪಕ್ಕದ ಮನೆಯ ಹುಡುಗಿ ಹಾಸನದಲ್ಲಿರುವ ಅಜ್ಜಿಗೆ ಫೋನಿನಲ್ಲಿ, ‘ಅಜ್ಜೀ, ಅಪ್ಪನಿಗೆ ರಜೆ ಸಿಗಲಿಲ್ಲ. ಆಫೀಸಿನಲ್ಲಿ ಅವರ ಬೇಳೆ ಬೇಯಲಿಲ್ಲ’ ಎಂದಳು. ಅಜ್ಜಿ ಗಾಬರಿಯಾಗಿ, ‘ಏನೇ, ನಿಮ್ಮಪ್ಪ ಅಂಥಾ ಹುನ್ನಾರ ಏನು ಮಾಡಿದ?’ ಎಂದು ಕೇಳಿದರು. ಹುಡುಗಿಯ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಬೇಳೆ ಬೇಯಲಿಲ್ಲ ಎಂದರೆ ಪ್ರಯತ್ನ ಫಲಿಸಲಿಲ್ಲ ಎಂದಷ್ಟೇ ಅಲ್ಲ, ಚಾಲಾಕಿ ಫಲಿಸಲಿಲ್ಲ ಎಂದು. ಪಾಪದ ಅರ್ಜಿಗೆ ಈ ಮಾತು ಸಲ್ಲದು. ಸುಳ್ಳು ಕಾಯಿಲೆ ಹೇಳಿ ರಜೆ ಕೇಳಿದ್ದರೆ ಸಲ್ಲುತ್ತಿತ್ತು.

ಕ್ರಿಯಾಪದದಲ್ಲೂ ಒಂದು ಸೂಕ್ಷ್ಮವಿದೆ. ಬೇಳೆ ತಾನಾಗಿ ಬೇಯುವ ಮಾತು ಹೆಚ್ಚಾಗಿ ‘ಇಲ್ಲ’ ಎಂಬ ರೂಪದಲ್ಲೇ ಬರುತ್ತದೆ. ಚಾಲಾಕಿ ಫಲಿಸಿತು ಎನ್ನಬೇಕಾದರೆ ‘ಕೊಳ್ಳು’ ಸೇರಬೇಕು: ‘ಅಣ್ಣತಮ್ಮಂದಿರ ಜಗಳದಲ್ಲಿ ಮೂರನೆಯವನು ತನ್ನ ಬೇಳೆ ಬೇಯಿಸಿಕೊಂಡ.’ ‘ಬೇಳೆ ಬೇಯಿಸಿದ’ ಎಂದರೆ ಅವನು ಸಾರಿಗೆ ಇಟ್ಟ ಎಂದಷ್ಟೇ ಆಗುತ್ತದೆ.

ಕೊನೆಯದರಲ್ಲಿ ಪ್ರಾಣಿಯೂ ಊಟವೂ ಒಟ್ಟಿಗೇ ಬರುತ್ತವೆ: ‘ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.’ ಕಾಸು ಹಿಂದಿನ ಕಾಲದ ಪುಟ್ಟ ನಾಣ್ಯ, ಅದರಲ್ಲೂ ಅರ್ಧದಷ್ಟು ಬೆಲೆಯ ಮಜ್ಜಿಗೆ. ದಿನಕ್ಕೆ 100 ಲೀಟರಿಗೂ ಮಿಕ್ಕಿ ನೀರು ಕುಡಿಯಬಲ್ಲ ಪ್ರಾಣಿಗೆ ಅದು ನಾಲಗೆಯ ತುದಿಗೂ ಸಾಲದು. ಉತ್ತರದವರ ‘ಊಂಟ್ ಕೇ ಮೂಂಹ್ ಮೇಂ ಜೀರಾ’, ಅಂದರೆ ಒಂಟೆಯ ಬಾಯಿಗೆ ಜೀರಿಗೆ ಎಂಬುದರ ಜಾಗದಲ್ಲಿ ನಾವು ಇದನ್ನೇ ಇಡಬೇಕು. ಇದು ಒಪ್ಪುವುದು ದೊಡ್ಡ ಅಗತ್ಯಕ್ಕೂ ಸಣ್ಣ ಒದಗಣೆಗೂ ಇರುವ ಅಂತರಕ್ಕೆ. ‘ಮನೆಬಾಡಿಗೆ, ಶಾಲೆಯ ಫೀಜು ಎಲ್ಲ ಏರಿತು, ಸಂಬಳದ ಈ ಬಡ್ತಿ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎಂದರೆ ಸಹಜವಾಗಿ ಕೂರುತ್ತದೆ. ಆದರೆ ಒಂದು ಎಚ್ಚರ ಬೇಕು. ಊಟದ ಪಂಕ್ತಿಯಲ್ಲಿ ಇದನ್ನು ಎತ್ತಬಾರದು. ಧಡೂತಿ ದೇಹದ ಅತಿಥಿಗೆ ಒಂದು ಸೌಟು ಮಜ್ಜಿಗೆ ಬಡಿಸುತ್ತಾ ಹೇಳಿದರೆ ಗಾದೆ ಗಾದೆಯಾಗಿ ಉಳಿಯುವುದಿಲ್ಲ. ಪದಗಳು ತಮ್ಮ ಮೂಲದ ಅರ್ಥಕ್ಕೇ ಮರಳಿ ಎದುರಿಗಿರುವವರು ಆನೆಯಾಗುತ್ತಾರೆ. ನುಡಿಗಟ್ಟಿನ ಆನೆಯೂ ಕತ್ತೆಯೂ ಎದುರಿಗೆ ಇರಬಾರದು.

ಮಕ್ಕಳು ಆಡಿದ ಮಾತು ಕೂತಿತೋ ಇಲ್ಲವೋ ಎಂದು ತಿಳಿಯಲು ನಾವು ಕೇಳುವವರ ಉತ್ತರವನ್ನು ಗಮನಿಸುತ್ತೇವೆ. ಅವರು ಬಾಡಿಗೆಯ ವಿಷಯಕ್ಕೆ, ರಜೆಯ ವಿಷಯಕ್ಕೆ ಮರುಮಾತು ಆಡಿದರೆ ಕೂತಿತು. ಆನೆಯ ವಿಷಯಕ್ಕೋ ಬೇಳೆಯ ವಿಷಯಕ್ಕೋ ತಿರುಗಿ ಕೇಳಿದರೆ ಕೂರಲಿಲ್ಲ. ಹಾಗಾದಾಗ ನಗದೆ, ಆ ಅಜ್ಜಿ ಮಾಡಿದಂತೆ ‘ಏನೇ ಹಾಗಂದರೆ?’ ಎಂದು ಕೇಳಿದರೆ ಸಾಕು. ಆ ಹುಡುಗಿ ಫೋನು ಇಡಲಿಲ್ಲ. ರಜೆಯ ಕಥೆಯನ್ನು ಮೊದಲಿನಿಂದ, ಕನ್ನಡದಲ್ಲೇ, ಇನ್ನೊಮ್ಮೆ ಹೇಳಿದಳು.