ಲೇಬಲ್ ಕತ್ತರಿಸಿದ ಅಂಗಿ ಡೂಪ್ಲಿಕೇಟ್ ಅಲ್ರೀ

1/4
ಕ್ಲಾಸಿನವರಿಗೆ ತಂದ ಪೋಲೊ ಟೀ ಶರ್ಟ್ ಫೋಟೊ ಹಾಕಿದ ಮ್ಯಾಲೆ ಎಲ್ಲಾರದೂ ಒಂದ ಪ್ರಶ್ನೆ: "ಕಾಲರ್ ಒಳಗಿನ ಲೇಬಲ್ ಅರ್ಧಕ್ಕ ಕತ್ತರ್‌ಸ್ಯಾರಲ್ಲ, ಡೂಪ್ಲಿಕೇಟ್ ಇರಬೇಕು?" ಅಲ್ಲ. ಬಹಳ ಸಲ ಅದು ಉಲ್ಟಾನೇ ಇರತೈತಿ. ಕಾರ್ಖಾನೆಯಿಂದ ಮಿಕ್ಕ ಮಾಲು ಹೊರಗೆ ಹೋಗುವಾಗ ಬ್ರ್ಯಾಂಡಿನವರು ಲೇಬಲ್ ಕತ್ತರಿಸಿರಿ, ಇಲ್ಲಾ ಮಾರ್ಕರ್‌ಲೆ ಗೀಟು ಎಳೀರಿ ಅಂತಾರ. ಇಲ್ಲಾಂದ್ರ ಇಲ್ಲಿ 150ಕ್ಕ ಕೊಂಡಿದ್ದನ್ನ ಯಾರರ ಶೋರೂಮಿಗೆ ಒಯ್ದು ವಾಪಸ್ ಕೊಟ್ಟು ಪೂರ್ತಿ ರೊಕ್ಕ ಕೇಳಬಹುದು. ನಕಲಿ ಮಾಡುವವರಿಗೆ ಆ ಚಿಂತಿ ಇಲ್ಲ, ಅವರ ಲೇಬಲ್ ಹೆಚ್ಚಾಗಿ ಮಿರಿಮಿರಿ ಮಿಂಚತಿರತೈತಿ. ಬರೇ ಲೇಬಲ್ ರೋಲ್‌ಗಟ್ಟಲೆ ಮಾರಾಟಕ್ಕ ಸಿಗತಾವ.

ಹಂಗಾರ ಈ ಮಿಕ್ಕ ಮಾಲು ಹೆಂಗ ಹುಟ್ಟತೈತಿ? 10,000 ತುಂಡಿನ ಆರ್ಡರ್ ಬಂದ್ರ ಕಾರ್ಖಾನೆಯವರು ಸರಿಯಾಗಿ 10,000 ಕತ್ತರಿಸೋದಿಲ್ಲ. ಕೆಟ್ಟು ಹೋಗೋ ಲೆಕ್ಕ ಹಿಡಿದು ಒಂದಿಷ್ಟು ಜಾಸ್ತಿ ಕತ್ತರಿಸ್ತಾರ. ಹೊಲಿದು ಚೆಕಿಂಗ್ ಪಾಸಾಗಿ ಹಡಗು ಹತ್ತದೆ ಉಳಿದಿದ್ದು ಸರ್‌ಪ್ಲಸ್. ಚೆಕಿಂಗ್‌ನಾಗ ಫೇಲ್ ಆಗಿದ್ದು ಸೆಕೆಂಡ್ಸ್. ಆರ್ಡರ್ ರದ್ದಾದ್ರೂ ಸರ್‌ಪ್ಲಸ್ ಆಗತೈತಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲಿನ ಸುಂಕವನ್ನು 50%ಕ್ಕೆ ಏರಿಸಿದಾಗ ತಿರುಪ್ಪೂರಿನಾಗ ಎಷ್ಟೋ ಆರ್ಡರ್ ನಡುವೆ ನಿಂತಿದ್ದು ನಮ್ಮ ಕಾಮರ್ಸ್ ಕ್ಲಾಸಿನಾಗೂ ಚರ್ಚೆ ಆಗಿತ್ತು, ನೆನಪೈತಲ್ಲ.

ಅಂದ್ರ ಸರ್‌ಪ್ಲಸ್ಸು, ಸೆಕೆಂಡ್ಸು ಎರಡೂ ಒಂದ ಬಟ್ಟೆ, ಒಂದ ಮಷಿನ್, ಒಂದ ಲೇಬಲ್. ಎರಡೂ ಅಸಲಿನೇ. ಲೇಬಲ್ ಎಷ್ಟು ತಿರುವಿ ನೋಡಿದ್ರೂ ಯಾವುದು ಯಾವುದು ಅಂತ ಗೊತ್ತಾಗೋದಿಲ್ಲ.

2/4
ಮೊದಲು ಅಸಲಿನೋ ನಕಲಿನೋ ನೋಡೋಣ. ಕಾಲರ್ ಬಿಡ್ರಿ, ಎಡಗಡೆ ಪಕ್ಕದ ಹೊಲಿಗೆ ಒಳಗ ಇರೋ ಒಗೆಯೋ ಸೂಚನೆಯ ಪಟ್ಟಿ ಹುಡುಕ್ರಿ. ಎಕ್ಸ್‌ಪೋರ್ಟ್ ಮಾಲಿನಾಗ ಇದು ಎರಡು-ಮೂರು ಎಲಿ ಇರತೈತಿ. ಎಷ್ಟು ಕಾಟನ್ ಅನ್ನೋದು ನಾಕಾರು ಭಾಷೆಯಾಗ, ಜೊತೆಗೆ ಸ್ಟೈಲ್ ನಂಬರ್. ಅಮೆರಿಕಕ್ಕ ಹೊಂಟಿದ್ದಾದ್ರ ‘ಆರ್‌ಎನ್’ ಅಂತ ಒಂದು ನಂಬರ್ ಇರಬಹುದು. ಅದನ್ನ rn.ftc.gov ಸೈಟಿನಾಗ ಹಾಕಿದ್ರ ಯಾವ ಕಂಪನಿ ಹೆಸರಿಗೆ ಐತಿ ಅಂತ ಬರತೈತಿ. ಕಾಲರ್ ಮ್ಯಾಲಿನ ಹೆಸರು ಒಂದು, ಸೈಟಿನಾಗ ಬಂದ ಕಂಪನಿಗೂ ಅದಕ್ಕೂ ಸಂಬಂಧನೇ ಇಲ್ಲ ಅಂದ್ರ ಬಿಟ್ಟು ಬರ್ರಿ. ಹೊಂದಿದ್ರೂ ಪೂರ್ತಿ ನಂಬಬ್ಯಾಡ್ರಿ, ಪಟ್ಟಿನೂ ನಕಲು ಮಾಡಬಹುದು.

ಅದಕ್ಕ ಒಂದು ಅಂಗಿ ನೋಡಬಾರದು, ಇಡೀ ಗಂಟು ನೋಡಬೇಕು. ನಿಜವಾದ ಸರ್‌ಪ್ಲಸ್ ಹೆಚ್ಚಾಗಿ ಹರಕುಮುರುಕು ಸೈಜಿನಾಗ ಇರತೈತಿ. ನೀಲಿಯೊಳಗ ಡಬಲ್ ಎಕ್ಸ್‌ಎಲ್ 11, ಮೀಡಿಯಂ 2, ಬೂದಿ ಬಣ್ಣದಾಗ ಬರೇ ಸ್ಮಾಲ್. ಉಳಿದದ್ದು ಅಂದ ಮ್ಯಾಲೆ ಹಂಗ ಇರಬೇಕಲ್ಲ? "ಎಲ್ಲಾ ಬಣ್ಣ, ಎಲ್ಲಾ ಸೈಜ್, ಎಷ್ಟು ಬೇಕಾದ್ರೂ ಐತಿ, ಮುಂದಿನ ತಿಂಗಳೂ ಸಿಗತೈತಿ" ಅಂದ್ರ ಅದು ಉಳಿದ ಮಾಲಲ್ಲ, ಯಾರೋ ಹೊಸದಾಗಿ ಹೊಲಿಯಾಕತ್ಯಾರ.

(ನಮಗೆ ಹತ್ತಿರದ ಬಳ್ಳಾರಿ ಜೀನ್ಸ್ ಬ್ಯಾರೆ ಕಥಿ. ಅವು ಬಳ್ಳಾರಿಯವರ ತಮ್ಮ ಹೆಸರಿನ ಪ್ಯಾಂಟು. ಆ ಹೆಸರಿನ ಮ್ಯಾಲೇ ಕೊಳ್ರಿ, ಚಲೋ ಇರತಾವ. ಅದಕ್ಕ ಫಾರಿನ್ ಪಟ್ಟಿ ಹಚ್ಚಿ ‘ಸರ್‌ಪ್ಲಸ್’ ಅಂದ್ರ ಮಾತ್ರ ನಕ್ಕು ಮುಂದ ಹೋಗ್ರಿ.)

3/4
ಈಗ ಸರ್‌ಪ್ಲಸ್ಸೋ ಸೆಕೆಂಡ್ಸೋ. ಇದನ್ನ ನನಗೆ ಕಲಿಸಿದಾಕಿ ನಮ್ಮ ಚಿಕ್ಕವ್ವನ ಮಗಳು. ಬೆಂಗಳೂರಿನ ಪೀಣ್ಯದಾಗ ಗಾರ್ಮೆಂಟ್ಸ್‌ನಾಗ ಚೆಕಿಂಗ್ ಕೆಲಸ. ತಿರುಪ್ಪೂರಿನ ಖಾದರ್‌ಪೇಟೆಗೆ ಹೊಂಟಾಗ ಆಕಿನ್ನೂ ಕರ್ಕೊಂಡು ಹೋಗಿದ್ದೆ. ಸ್ಟೇಷನ್ ಹತ್ತಿರಾನೇ ಇರೋ ಹೋಲ್‌ಸೇಲ್ ಬಜಾರ್ ಅದು, ಗಲ್ಲಿ ತುಂಬ ಬನಿಯನ್, ಟೀ ಶರ್ಟ್ ಗಂಟು.

50 ಪೋಲೊ ಟೀ ಶರ್ಟಿನ ಒಂದು ಗಂಟು. ಅಂಗಡಿಯವರು "ಎಲ್ಲಾ ಸರ್‌ಪ್ಲಸ್ ತಂಬಿ, ಒಂದಕ್ಕ 210" ಅಂದ್ರು. ಅಕ್ಕ ಮ್ಯಾಲಿನ ಮಡಿಕೆ ಮುಟ್ಟಲಿಲ್ಲ. ನಡುವಿಂದ, ತಳದಿಂದ ಹತ್ತು ತುಂಡು ಎಳೆದು ಬಾಗಿಲಿಗೆ ತಂದ್ಲು, ಬಿಸಿಲಿಗೆ. ಟ್ಯೂಬ್‌ಲೈಟ್ ಬೆಳಕಿನಾಗ ಬಣ್ಣದ ವ್ಯತ್ಯಾಸ ಕಾಣೋದಿಲ್ಲ. ಒಂದರಾಗ ಮೈಗಿಂತ ತೋಳು ಸ್ವಲ್ಪ ತಿಳಿ ಇತ್ತು. ಇನ್ನೊಂದನ್ನ ಹೊಲಿಗೆ ಅಡ್ಡ ಜಗ್ಗಿ ಬೆಳಕಿಗೆ ಹಿಡಿದ್ರ ಸೂಜಿ ತೂತಿನ ಸಾಲು. ಇದು ಕೆಟ್ಟದ್ದು, ನಾಕು ಒಗತಕ್ಕ ತೂತು ದೊಡ್ಡದಾಗಿ ಎಳಿ ಬಿಚ್ಚತೈತಿ. ಮೂರನೇದ್ರಾಗ ಕಲೆ ಏನೂ ಇಲ್ಲ, ಆದ್ರ ಕೆಳಗ ಒಂದು ಪುಟ್ಟ ಬಾಣದ ಸ್ಟಿಕರ್. "ಇದನ್ನ ನಾವ ಹಚ್ಚತೀವಿ, ಇಲ್ಲಿ ತಪ್ಪೈತಿ ಅಂತ ತೋರಿಸಾಕ" ಅಂದ್ಲು ಅಕ್ಕ. ಬಾಣ ತೋರಿಸಿದ ಕಡೆ ನೋಡಿದ್ರ ಹೊಲಿಗೆ ಎರಡು ಕಡೆ ಜಿಗಿದಿತ್ತು. ಬಾಣದ ಸ್ಟಿಕರ್ ಸಿಕ್ಕ ತುಂಡು ಚೆಕಿಂಗ್‌ನಾಗ ಸಿಕ್ಕಿಬಿದ್ದದ್ದು ಅಂತನೇ ಅರ್ಥ.

ಆಮ್ಯಾಲೆ ಟೇಪು. ಕಂಕುಳ ಕೆಳಗ ಒಂದು ಇಂಚು ಬಿಟ್ಟು ಎದೆ ಅಳತಿ. ಒಂದೇ ಸೈಜಿನ ಎರಡು ತುಂಡಿಗೆ ಅರ್ಧ ಇಂಚು ಹೆಚ್ಚುಕಮ್ಮಿ ಇದ್ರ ನಡೀತೈತಿ, ಒಂದೂವರೆ ಇಂಚು ಇದ್ರ ಅಳತಿಗೇ ಫೇಲ್ ಆಗಿದ್ದು. ಇವು ಅಳತಿಯೊಳಗ ಪಾಸಾದ್ವು.

ಹತ್ತರಾಗ ಮೂರು ತಪ್ಪು. ಇದು ಬಹಳಾತು. ಕಾರ್ಖಾನೆಗಳು ಹೆಚ್ಚಾಗಿ ಬಳಸೋದು ಎಕ್ಯೂಎಲ್ 2.5 ಅನ್ನೋ ಲೆಕ್ಕ. 1,201ರಿಂದ 3,200 ತುಂಡಿನ ಲಾಟ್ ಇದ್ರ 125 ತೆಗೆದು ನೋಡ್ತಾರ. ದೊಡ್ಡ ತಪ್ಪಿನವು 7ರತನಕ ಇದ್ರ ಪಾಸ್, 8 ಆದ್ರ ಇಡೀ ಲಾಟ್ ವಾಪಸ್. ಅಂದ್ರ ನೂರಕ್ಕ ಐದಾರು. ಹತ್ತೇ ತುಂಡಿನ ಮ್ಯಾಲೆ ಪಕ್ಕಾ ಹೇಳಾಕ ಆಗೂದಿಲ್ಲ ಖರೆ, ಆದ್ರ ಮೂರು ಸಿಕ್ತು, ಅದರಾಗ ಒಂದಕ್ಕ ಬಾಣನೂ ಐತಿ ಅಂದ್ರ ಸೆಕೆಂಡ್ಸ್ ಕಲಸಿದ ಗಂಟು.

4/4
ಕಲಸಿದ್ದು ಅಂದ ಕೂಡಲೇ ಬಿಟ್ಟು ಬರಬೇಕಂತೇನಿಲ್ಲ, ಲೆಕ್ಕ ಕೂಡಿದ್ರ ಕೊಳ್ಳಬಹುದು. ಹತ್ತಕ್ಕ ಮೂರು ಅಂದ್ರ 50ಕ್ಕ 15. ಅದರಾಗ ಬಣ್ಣ ಸ್ವಲ್ಪ ಬ್ಯಾರೆ, ಹೊಲಿಗೆ ಜಿಗಿದದ್ದು ಇಂಥವು 9 ಅಂತ ಹಿಡೀರಿ, ದರ್ಜಿ ಕಡೆ ಹತ್ತು ರೂಪಾಯಿ ಕೊಟ್ರ, ಇಲ್ಲಾ ಹಂಗ ಹಾಕ್ಕೊಂಡ್ರೂ ನಡೀತೈತಿ. ತೂತಿನವು 6, ಅವು ಹ್ವಾದ್ವು. ಉಳಿದಿದ್ದು 44.

210ರಂತೆ ಕೊಂಡ್ರ 10,500. ಅದನ್ನ 50ಕ್ಕ ಅಲ್ಲ, 44ಕ್ಕ ಭಾಗಿಸಬೇಕು: ಒಂದು 239 ಬೀಳತೈತಿ. ಅಕ್ಕ ಮೂರೂ ತುಂಡು ಮೇಜಿನ ಮ್ಯಾಲೆ ಇಟ್ಟು, ಬಾಣದ ಸ್ಟಿಕರ್ ತೋರಿಸಿ, 120 ಅಂದ್ಲು. ಅವರು ನಕ್ಕು "ಗಾರ್ಮೆಂಟ್ಸಾ?" ಅಂತ ಕೇಳಿದ್ರು. 130ಕ್ಕ ಕುದುರಿತು. 6,500 ಆತು. ನನ್ನ ರೈಲು, ಊಟ, ಪಾರ್ಸಲ್ ಸೇರಿ 1,900 (ಅಕ್ಕ ತನ್ನ ಖರ್ಚಿನಾಗ ಬಂದ್ಲು, ಆಕಿಗೆ ಎರಡು ಟೀ ಶರ್ಟ್ ಸಂದಾಯ). 8,400ನ್ನ 44ಕ್ಕ ಭಾಗಿಸಿದ್ರ 191.

ಇಲ್ಲೇ ನೋಡ್ರಿ, 191ರಾಗ 43 ರೂಪಾಯಿ ಬರೇ ದಾರಿ ಖರ್ಚು. ಗದಗಿನಿಂದ ನಾಕು ಟೀ ಶರ್ಟಿಗೆ ಅಷ್ಟು ದೂರ ಹೋದ್ರ ಒಂದೊಂದರ ತಲಿ ಮ್ಯಾಲೆ 475 ಕೂಡತೈತಿ, ಆ ರೊಕ್ಕದಾಗ ಹುಬ್ಬಳ್ಳಿ ಶೋರೂಮಿನ ಡಿಸ್ಕೌಂಟಿನಾಗೇ ಕೊಳ್ಳಬಹುದು. ಮತ್ತ ಈ ಮಾಲು ಬಿಲ್ ಇದ್ರೂ ವಾಪಸ್ ತೊಗೊಳ್ಳೋದಿಲ್ಲ, ನೋಡೋದೆಲ್ಲಾ ರೊಕ್ಕ ಕೊಡೋಕಿಂತ ಮೊದಲ.

ಮನಿಗೆ ಬಂದು 50ನ್ನೂ ಬಿಚ್ಚಿದಾಗ ತೂತಿನವು ಆರಲ್ಲ, ಐದ ಇದ್ವು. ಹೆಚ್ಚಿಗೆ ಉಳಿದದ್ದು ನೀಲಿ, ಡಬಲ್ ಎಕ್ಸ್‌ಎಲ್. ಯಾರಿಗರ ಬೇಕಿದ್ರ ಸೋಮವಾರ ಕಾಲೇಜಿಗೆ ತರತೀನಿ. ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡೇ ತೊಗೊಳ್ರಿ.

#ಗದಗ #ಬೆಟಗೇರಿ #ಎಕ್ಸ್‌ಪೋರ್ಟ್‌ಸರ್‌ಪ್ಲಸ್ #ಬಿಕಾಂಲೆಕ್ಕ